ಪ್ರತಿ ತಲೆಮಾರಿನಲ್ಲೂ ಕಂಡರೆ ಪ್ರಬಲ ಗುಣವೇ?

ಜೀವಶಾಸ್ತ್ರದ ವರ್ಕ್‌ಶೀಟುಗಳಲ್ಲಿ ಒಂದು ವಂಶಾವಳಿ ನಕ್ಷೆ ಕೊಟ್ಟು, ‘ಈ ಗುಣ ಪ್ರಬಲವೋ ದುರ್ಬಲವೋ? ಕಾರಣ ಕೊಡಿ’ ಎಂದು ಕೇಳುತ್ತಾರೆ. ಇರುವುದು ಎರಡೇ ಆಯ್ಕೆ. ಏನೂ ತಿಳಿಯದವರು ಊಹಿಸಿ ಬರೆದರೂ ಅರ್ಧದಷ್ಟು ಸಲ ಉತ್ತರ ಸರಿಯಾಗಿಬಿಡುತ್ತದೆ. ಹಾಗಾಗಿ ತಿದ್ದುವವರು ತೂಗಿ ನೋಡಬೇಕಾದದ್ದು ವಿದ್ಯಾರ್ಥಿ ಕೊಟ್ಟ ಕಾರಣವನ್ನು.

ನಮ್ಮ ಕಡೆಯ ಮನೆತನಗಳಿಗೆ ಹೊಂದುವಂಥ ಒಂದು ನಕ್ಷೆ ಇಟ್ಟುಕೊಳ್ಳೋಣ. ಗುಣ ಹುಟ್ಟುಕಿವುಡು. ಚೌಕ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು. ಒಳಗೆ ಕಪ್ಪು ತುಂಬಿದ್ದರೆ ಅವರಿಗೆ ಕಿವಿ ಕೇಳಿಸದು. ಅಜ್ಜನ ಚೌಕ ಕಪ್ಪು, ಅಜ್ಜಿಯ ವೃತ್ತ ಖಾಲಿ. ಅವರ ಹಿರಿಮಗಳಿಗೆ ಕಿವಿ ಕೇಳಿಸುತ್ತದೆ, ಕಿರಿಮಗನಿಗೆ ಕೇಳಿಸದು. ಹಿರಿಮಗಳ ಗಂಡನಿಗೂ ಕೇಳಿಸುತ್ತದೆ. ಈ ದಂಪತಿಗೆ ಇಬ್ಬರು ಹೆಣ್ಣುಮಕ್ಕಳು: ದೊಡ್ಡವಳಿಗೆ ಕೇಳಿಸುತ್ತದೆ, ಚಿಕ್ಕವಳಿಗೆ ಕೇಳಿಸದು. ಕಿರಿಮಗ ಅಕ್ಕನ ದೊಡ್ಡ ಮಗಳನ್ನೇ ಮದುವೆಯಾಗಿದ್ದಾನೆ. ಅದಕ್ಕೇ ಅವರಿಬ್ಬರ ನಡುವೆ ಒಂದರ ಬದಲು ಎರಡು ಗೆರೆ. ಅವರ ಮೂವರು ಮಕ್ಕಳಲ್ಲಿ ಇಬ್ಬರು ಕಿವುಡರು.

ವಿದ್ಯಾರ್ಥಿಯ ಉತ್ತರ ಹೀಗಿದೆ ಎನ್ನೋಣ: ‘ಪ್ರಬಲ. ಏಕೆಂದರೆ ಗುಣ ಎಲ್ಲ ತಲೆಮಾರುಗಳಲ್ಲೂ ಕಾಣುತ್ತದೆ, ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಬಂದಿದೆ.’

ಅವನು ಕಂಡದ್ದು ನಿಜ. ತೀರ್ಮಾನ ಮಾತ್ರ ನಿಲ್ಲದು. ಪ್ರಬಲ ಗುಣದ ಒಂದು ಪ್ರತಿ ಸಾಕು, ಅದು ಹೊರಗೆ ಕಾಣುತ್ತದೆ. ಹಾಗಾದರೆ ಗುಣವುಳ್ಳ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರಿಗಾದರೂ ಅದು ಕಾಣಬೇಕು. ಹಿರಿಮಗಳ ಮನೆಯಲ್ಲಿ ಹಾಗಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳಿಸುತ್ತದೆ, ಚಿಕ್ಕ ಮಗಳಿಗೆ ಕೇಳಿಸದು. ಇಬ್ಬರೂ ಒಂದೊಂದು ಪ್ರತಿಯನ್ನು ಒಳಗೇ ಹೊತ್ತಿದ್ದವರು, ಅಂದರೆ Aa. ಮಗಳಿಗೆ ಎರಡೂ ಕಡೆಯಿಂದ a ಬಂದು ಅವಳು aa ಆದಳು. ಇಡೀ ನಕ್ಷೆಯಲ್ಲಿ ತೀರ್ಪು ಕೊಡುವ ಜಾಗ ಇದೊಂದೇ: ಗುಣ ದುರ್ಬಲ. ಆ ಮಗು ಹೆಣ್ಣಾಗಿರುವುದರಿಂದ ಇನ್ನೊಂದು ಅನುಮಾನವೂ ಕಳೆಯುತ್ತದೆ. ದುರ್ಬಲ ಜೀನು ಎಕ್ಸ್ ವರ್ಣತಂತುವಿನ ಮೇಲಿದ್ದಿದ್ದರೆ, ಮಗಳಿಗೆ ಅದನ್ನು ಕೊಟ್ಟ ತಂದೆಯೂ ಕಿವುಡನಾಗಿರಬೇಕಿತ್ತು.

ಹಾಗಾದರೆ ಪ್ರತಿ ತಲೆಮಾರಿನಲ್ಲೂ ಕಂಡದ್ದು ಹೇಗೆ? ಉತ್ತರ ಆ ಜೋಡಿಗೆರೆಯಲ್ಲಿದೆ. ಅಜ್ಜ aa, ಹಾಗಾಗಿ ಹಿರಿಮಗಳಿಗೆ ಒಂದು a ಖಂಡಿತ ಬಂದಿದೆ. ಅವಳೂ ಅವಳ ಗಂಡನೂ Aa ಎಂದ ಮೇಲೆ, ಕಿವಿ ಕೇಳಿಸುವ ದೊಡ್ಡ ಮಗಳು AA ಆಗಿರಬಹುದು, Aa ಆಗಿರಬಹುದು; ವಾಹಕಿಯಾಗಿರುವ ಸಂಭವ ಮೂರರಲ್ಲಿ ಎರಡು ಪಾಲು. ಕಿವುಡು ಮಗು ಹುಟ್ಟಿದ್ದರಿಂದ ಅವಳು Aa ಎಂಬುದು ಖಚಿತವಾಯಿತು. aa ಸೋದರಮಾವ, Aa ಸೊಸೆ: ಇವರ ಪ್ರತಿ ಮಗುವಿಗೂ ಕಿವುಡು ಬರುವ ಸಂಭವ ಅರ್ಧ. ಪ್ರಬಲ ಗುಣವುಳ್ಳ Aa ವ್ಯಕ್ತಿ, ಗುಣವಿಲ್ಲದ aa ವ್ಯಕ್ತಿಯನ್ನು ಮದುವೆಯಾದರೂ ಬರುವುದು ಇದೇ ಅರ್ಧ. ಹಾಗಾಗಿ ‘ಅರ್ಧದಷ್ಟು ಮಕ್ಕಳಿಗೆ ಬಂದಿದೆ’ ಎಂಬ ಕಾರಣದಿಂದ ಎರಡನ್ನೂ ಬೇರ್ಪಡಿಸಲಾಗದು. ದಕ್ಷಿಣ ಭಾರತದಲ್ಲಿ ಅಕ್ಕನ ಮಗಳು, ಅತ್ತೆಯ ಮಗಳು, ಮಾವನ ಮಗಳನ್ನು ತಂದುಕೊಳ್ಳುವ ಪದ್ಧತಿ ಹಳೆಯದು. ಇಂಥ ಮನೆತನಗಳಲ್ಲಿ ದುರ್ಬಲ ಗುಣ ಪ್ರಬಲದಂತೆಯೇ ಸಾಲಾಗಿ ಇಳಿಯುವುದುಂಟು. ಜೋಡಿಗೆರೆ ಕಂಡಲ್ಲಿ ಓದುವವರು ನಿಂತು ನೋಡಲೇಬೇಕು.

ಈ ಒರೆಗೂ ಮಿತಿಯಿದೆ. ಅಕಾಂಡ್ರೋಪ್ಲಾಸಿಯಾ ಎಂಬ ಕುಬ್ಜತೆ ಪ್ರಬಲ ಗುಣ. ಆದರೂ ಅದಿರುವ ಮಕ್ಕಳಲ್ಲಿ ಸುಮಾರು 80 ಶೇಕಡ ಸಾಮಾನ್ಯ ಎತ್ತರದ ತಂದೆ ತಾಯಿಗೆ ಹುಟ್ಟಿದವರು. ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆಯೇ ಅದಕ್ಕೆ ಕಾರಣ. ಹೆಚ್ಚಿನ ಬೆರಳಿನಂಥ ಕೆಲವು ಪ್ರಬಲ ಗುಣಗಳು ಜೀನು ಇದ್ದೂ ಕೆಲವರಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಿವುಡಿನಲ್ಲಂತೂ ತಿರುಗುಮುರುಗಾದ ತೊಡಕಿದೆ. ಕಿವುಡ ದಂಪತಿಗೆ ಕೇಳಿಸುವ ಮಗು ಹುಟ್ಟಿದರೆ ‘ಪ್ರಬಲ’ ಎಂದು ಬರೆಯುವುದು ಪಾಠದ ನಿಯಮ. ಆದರೆ ಹುಟ್ಟುಕಿವುಡಿಗೆ ಕಾರಣವಾಗುವ ಜೀನುಗಳು ಹಲವು. ತಂದೆಯದು ಒಂದು ಜೀನು, ತಾಯಿಯದು ಇನ್ನೊಂದು ಆಗಿದ್ದರೆ, ಎರಡೂ ದುರ್ಬಲವಾಗಿದ್ದರೂ ಮಕ್ಕಳಿಗೆಲ್ಲ ಕಿವಿ ಕೇಳಿಸಬಹುದು. ಆದ್ದರಿಂದ ‘ಒಂದೇ ಜೀನು, ಇದ್ದರೆ ತಪ್ಪದೆ ಕಾಣುತ್ತದೆ’ ಎಂಬ ಷರತ್ತನ್ನು ಪ್ರಶ್ನೆಯಲ್ಲೇ ಬರೆದುಕೊಡುವುದು ನ್ಯಾಯ.

ಆ ಷರತ್ತಿನಡಿಯಲ್ಲಿ ಈ ವಿದ್ಯಾರ್ಥಿಯ ಉತ್ತರ ತಪ್ಪು. ಸಂಕೇತಗಳನ್ನು ಸರಿಯಾಗಿ ಓದಿದ್ದಕ್ಕೆ ಅಂಕ ಸಲ್ಲಬೇಕು, ತೀರ್ಮಾನಕ್ಕೆ ಸಲ್ಲದು. ಬರೀ ‘ದುರ್ಬಲ’ ಎಂದು ಬರೆದು ಹಿರಿಮಗಳ ಮನೆಯನ್ನು ತೋರಿಸದವನಿಗೂ ಪೂರ್ತಿ ಅಂಕ ಸಲ್ಲದು. ತಿದ್ದುವ ಮೇಷ್ಟ್ರುಗಳು ಪ್ರತಿ ಚೌಕ, ಪ್ರತಿ ವೃತ್ತದ ಪಕ್ಕ AA, Aa, aa ಬರೆಸಲಿ. ಈ ನಕ್ಷೆಯನ್ನು ಪ್ರಬಲವೆಂದು ಹಿಡಿದು ತುಂಬಲು ಹೊರಟವನು ಆ ಚಿಕ್ಕ ಮಗಳ ಹತ್ತಿರ ಬಂದಾಗ ಮುಂದೆ ಹೋಗಲಾರ.