ಕೋಣೆ, ಟೀಪಾಟ್ ಮತ್ತು ಕಿರಣದ ಲೆಕ್ಕ

ರೇ ಟ್ರೇಸರ್‌ನಲ್ಲಿ ತ್ರಿಕೋನಗಳನ್ನು ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ಜೋಡಿಸುವ ಮರವೇ ಬಿವಿಎಚ್. ಕಿರಣ ಪೆಟ್ಟಿಗೆಗೆ ತಾಗದಿದ್ದರೆ ಒಳಗಿನದ್ದನ್ನೆಲ್ಲ ನೋಡದೆ ಬಿಡಬಹುದು. ತಲೆನೋವು ಇರುವುದು ಎಲ್ಲಿ ಸೀಳಬೇಕೆಂಬುದರಲ್ಲಿ.

ಕೋಣೆಯ ಗೋಡೆ, ನೆಲಕ್ಕೆ 10 ತ್ರಿಕೋನ, ಮೂಲೆಯ ಪುಟ್ಟ ಟೀಪಾಟಿಗೆ 1000 ಎನ್ನಿ. ದೊಡ್ಡ ಪೆಟ್ಟಿಗೆಯನ್ನು ಹೊಕ್ಕ ಕಿರಣ ಒಳಪೆಟ್ಟಿಗೆಗೂ ತಾಗುವ ಸಂಭವ, ಎರಡರ ಮೇಲ್ಮೈ ವಿಸ್ತೀರ್ಣದ ಅನುಪಾತದಷ್ಟು. ಟೀಪಾಟಿನ ಪೆಟ್ಟಿಗೆಗೆ ಅದು ನೂರಕ್ಕೆ 1 ಎಂದಿಟ್ಟುಕೊಳ್ಳೋಣ.

ಸಂಖ್ಯೆ ನೋಡಿ ಸಮಪಾಲು ಮಾಡಿದರೆ ಅರ್ಧ ಟೀಪಾಟು ಗೋಡೆಗಳ ಜೊತೆ ಸೇರಿ, ಪ್ರತಿ ಕಿರಣಕ್ಕೂ 505 ತ್ರಿಕೋನಗಳ ಪರೀಕ್ಷೆ ಅಂಟಿಕೊಳ್ಳುತ್ತದೆ. ಟೀಪಾಟನ್ನು ಇಡಿಯಾಗಿ ಬೇರ್ಪಡಿಸಿದರೆ ಸರಾಸರಿ ಬರೀ 20: ಗೋಡೆಯ 10, ಜೊತೆಗೆ 1000ದ ನೂರನೇ ಒಂದು ಪಾಲು. ಎಸ್‌ಎಎಚ್ ಹಲವು ಸೀಳುಗಳಿಗೆ ಹೀಗೆ ಲೆಕ್ಕ ಹಾಕಿ ಅಗ್ಗದ್ದನ್ನು ಆರಿಸುತ್ತದೆ.

ಆದರೆ ಕಿರಣಗಳು ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತವೆಂಬುದು ಅದರ ಊಹೆ. ಕ್ಯಾಮೆರಾ ಟೀಪಾಟಿಗೆ ಮೂಗು ತಾಗಿಸಿ ನಿಂತರೆ ಈ ಅಂದಾಜು ತಪ್ಪುತ್ತದೆ.