ಅಪರಿಚಿತ ನಟರಿಗೆ ಒಂದು ಕರೆ

ಕಿರುಚಿತ್ರಕ್ಕೆ ಹೊಸಬರನ್ನು ಆರಿಸುವ ಕೆಲಸ ಇಂದು ಬಹುಮಟ್ಟಿಗೆ ದೂರದಿಂದಲೇ ನಡೆಯುತ್ತದೆ. ನಿರ್ದೇಶಕನು ಪ್ರಕಟಣೆಯೊಂದನ್ನು ಹೊರಡಿಸುತ್ತಾನೆ; ಅದಕ್ಕೆ ಕಾಸ್ಟಿಂಗ್ ಕಾಲ್ ಎಂದು ಹೆಸರು. ಅದನ್ನು ಓದಿದವರು ತಮ್ಮ ಮನೆಯಲ್ಲಿಯೇ, ತಮ್ಮ ಫೋನಿನಲ್ಲಿಯೇ ಒಂದು ದೃಶ್ಯವನ್ನು ಅಭಿನಯಿಸಿ ಕಳುಹಿಸುತ್ತಾರೆ. ಅದು ಸೆಲ್ಫ್ ಟೇಪ್. ಒಂದು ಪ್ರಶ್ನೆ, ಇನ್ನೊಂದು ಉತ್ತರ. ಉತ್ತರ ಕೆಟ್ಟಾಗ ಉತ್ತರಿಸಿದವನನ್ನು ದೂರುವುದು ವಾಡಿಕೆ. ಆದರೆ ನಲವತ್ತು ಟೇಪುಗಳು ಬಂದು ನಲವತ್ತರಲ್ಲೂ ಒಂದೇ ಬಗೆಯ ದೋಷವಿದ್ದರೆ, ಅದು ಪ್ರಶ್ನೆಯ ದೋಷವೆಂದೇ ತಿಳಿಯಬೇಕು. ಇಂದಿನ ಮಾತಿನಲ್ಲಿ ಈ ಪ್ರಶ್ನೋತ್ತರವನ್ನು ಒಂದು ಉದಾಹರಣೆಯ ಮೂಲಕ ವಿವರಿಸಲು ಯತ್ನಿಸುತ್ತೇನೆ.

ಹದಿನಾಲ್ಕು ನಿಮಿಷದ ಒಂದು ಕಿರುಚಿತ್ರವಿದೆ ಎಂದು ಭಾವಿಸೋಣ. ಹಾಸನದ ಕಡೆಯ ಸಣ್ಣ ಊರು. ಜಯಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿದು ಕೊಡುವಾಕೆ. ವಯಸ್ಸು ಐವತ್ತರ ಆಸುಪಾಸು. ಗಂಡನಿಗೆ ಈಚೆಗೆ ಕಾಯಿಲೆ. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, ರಜೆ ಸಿಗಲಿಲ್ಲ, ಈ ಯುಗಾದಿಗೂ ಬರಲಾಗುವುದಿಲ್ಲ ಎನ್ನುತ್ತಾನೆ. ಆಕೆ ಫೋನು ಕೆಳಗಿಡುತ್ತಾಳೆ. ಆಮೇಲೆ ಗಂಡಹೆಂಡಿರ ನಡುವೆ ನಡೆಯುವ ಮಾತು ಇಷ್ಟೇ:

"ಯಾರದು ಫೋನು?"
"ನಮ್ಮ ಸುರೇಶಂದು."
"ಹಬ್ಬಕ್ಕೆ ಬತ್ತಾನಂತಾ?"
"ಹೂಂ. ರಾತ್ರಿ ಬಸ್ಸಿಗೆ ಹೊರಡ್ತೀನಿ ಅಂದ."
"ಹಂಗಾದ್ರೆ ನಾಳೆ ಒಂದು ಲೀಟರು ಹಾಲು ಜಾಸ್ತಿ ಹೇಳು."
"ಹೇಳ್ತೀನಿ."

ಈ ಪಾತ್ರಕ್ಕೆ ಸಾಮಾನ್ಯವಾಗಿ ಬರೆಯುವ ಪ್ರಕಟಣೆ ಹೀಗಿರುತ್ತದೆ: "ತಾಯಿಯ ಪಾತ್ರಕ್ಕೆ ಕಲಾವಿದೆ ಬೇಕಾಗಿದ್ದಾರೆ. ಭಾವಪೂರ್ಣ ಅಭಿನಯ ಬಲ್ಲವರಿರಬೇಕು. ಆಸಕ್ತರು ವಿಡಿಯೊ ಕಳುಹಿಸಿ." ಇದಕ್ಕೆ ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ. ಒಬ್ಬಾಕೆ ಅಳುತ್ತಾಳೆ, ಇನ್ನೊಬ್ಬಾಕೆ ಸೆರಗನ್ನು ಬಾಯಿಗಿಟ್ಟುಕೊಂಡು ಅಳುತ್ತಾಳೆ, ಮೂರನೆಯಾಕೆ ಹಿನ್ನೆಲೆಗೆ ಸಂಗೀತ ಸೇರಿಸಿ ಅಳುತ್ತಾಳೆ. ಇವರಲ್ಲಿ ಯಾರ ತಪ್ಪೂ ಇಲ್ಲ. ಪ್ರಕಟಣೆ ಭಾವವನ್ನು ಕೇಳಿತು. ಅವರು ಭಾವವನ್ನು ಕೊಟ್ಟರು.

ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದನ್ನು ಹೇಳುವುದು ಸುಲಭ. ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಸಂಯೋಗದಿಂದ ರಸನಿಷ್ಪತ್ತಿ ಎಂಬುದು ಭರತನ ಮತ. ಕಾರಣವಾಗಿ ನಿಲ್ಲುವ ಸನ್ನಿವೇಶವೇ ವಿಭಾವ. ಅದರ ಫಲವಾಗಿ ಮೈಯಲ್ಲಿ ಕಾಣಿಸುವುದು ಅನುಭಾವ. ಅಶ್ರುವನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಅದು ಒಳಗಿನ ಕಾರಣದಿಂದ ತಾನಾಗಿ ಒಸರಬೇಕಾದುದು. ಕಾರಣವನ್ನು ಕೊಡದೆ ಕಣ್ಣೀರನ್ನು ಕೇಳಿದರೆ ನಟಿಯು ಕಣ್ಣೀರಿನ ಅನುಕರಣೆಯನ್ನಷ್ಟೇ ಮಾಡಬಲ್ಲಳು. ಆದುದರಿಂದ ಪ್ರಕಟಣೆಯಲ್ಲಿ ಇರಬೇಕಾದುದು ವಿಭಾವ: ಆಕೆ ಯಾರು, ಈಗ ಏನು ಕೇಳಿಸಿಕೊಂಡಳು, ಎದುರಿಗಿರುವವನು ಯಾರು, ಅವನಿಂದ ಏನನ್ನು ಮುಚ್ಚಿಡುತ್ತಿದ್ದಾಳೆ. ಜಯಮ್ಮ ಅಳುವ ಹೆಂಗಸಲ್ಲ, ಅಳು ಗಂಡನಿಗೆ ತಿಳಿಯದಂತೆ ನೋಡಿಕೊಳ್ಳುವ ಹೆಂಗಸು. ಈ ಒಂದು ವಾಕ್ಯ ಪ್ರಕಟಣೆಯಲ್ಲಿದ್ದರೆ ಬರುವ ಟೇಪುಗಳೆಲ್ಲ ಬೇರೆಯಾಗುತ್ತವೆ.

ತಿದ್ದಿದ ಪ್ರಕಟಣೆ ಹೀಗಿರಬಹುದು: "ಹದಿನಾಲ್ಕು ನಿಮಿಷದ ಕನ್ನಡ ಕಿರುಚಿತ್ರ. ಪಾತ್ರ: ಜಯಮ್ಮ. 45ರಿಂದ 58 ವರ್ಷದವರಂತೆ ಕಾಣುವವರು. ಹಾಸನದ ಕಡೆಯ ಮಾತು ಸಹಜವಾಗಿ ಬರಬೇಕು. ಹೊಲಿಗೆ ಯಂತ್ರ ತುಳಿಯಲು ಬಂದರೆ ಒಳ್ಳೆಯದು, ಬಾರದಿದ್ದರೆ ಕಲಿಸಲಾಗುವುದು. ಹಿಂದೆ ನಟಿಸಿದ ಅನುಭವ ಬೇಕಿಲ್ಲ. ಚಿತ್ರೀಕರಣ ಎರಡು ದಿನ, ನವೆಂಬರ್ ತಿಂಗಳ ಎರಡನೆಯ ಶನಿವಾರ ಮತ್ತು ಭಾನುವಾರ, ಹಾಸನದ ಸಮೀಪ. ಸಂಭಾವನೆ ದಿನಕ್ಕೆ 2,000 ರೂಪಾಯಿ. ಪ್ರಯಾಣ, ಊಟ, ವಸತಿ ನಮ್ಮದು. ದೃಶ್ಯದ ಪಠ್ಯವನ್ನು ಇದರೊಂದಿಗೆ ಇಟ್ಟಿದೆ." ಇದರ ಕೆಳಗೆ ಕರೆಯುವವರ ಹೆಸರು, ಟೇಪು ಕಳುಹಿಸಲು ಕಡೆಯ ದಿನ, ಫಲಿತಾಂಶ ತಿಳಿಸುವ ದಿನ ಇವಿಷ್ಟು ಇರಬೇಕು.

ಸಂಭಾವನೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಬೇಕು. ಐವತ್ತರ ಹೆಂಗಸು ಎರಡು ದಿನ ಅಂಗಡಿ ಮುಚ್ಚಿ ಬರಬೇಕಾದರೆ ಆಕೆ ಲೆಕ್ಕ ಹಾಕಿಯೇ ಬರುತ್ತಾಳೆ. ಆ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಬಚ್ಚಿಡುವುದು ಸರಿಯಲ್ಲ. ಪಾತ್ರದಲ್ಲಿ ಹೊಡೆತದ ದೃಶ್ಯವೋ ಮೈಮುಟ್ಟುವ ದೃಶ್ಯವೋ ಇದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಅರ್ಜಿಯ ಶುಲ್ಕ, ನೋಂದಣಿಯ ಶುಲ್ಕ ಎಂದು ಹಣ ಕೇಳುವ ಪ್ರಕಟಣೆಯನ್ನು ಓದುಗರು ಅಲ್ಲಿಗೇ ಬಿಡಬೇಕು. ನಟನೆಗೆ ಕರೆಯುವವನು ಹಣ ಕೊಡಬೇಕಾದವನು, ಪಡೆಯಬೇಕಾದವನಲ್ಲ. ಪಾತ್ರಕ್ಕೆ ಸಂಬಂಧವಿಲ್ಲದ ಉಡುಪಿನ ಚಿತ್ರಗಳನ್ನು ಕೇಳುವವರೂ, ಮೊದಲ ಭೇಟಿಗೇ ಯಾವುದೋ ಕೋಣೆಗೆ ಒಬ್ಬಂಟಿಯಾಗಿ ಬನ್ನಿ ಎನ್ನುವವರೂ ಇದೇ ಸಾಲಿಗೆ ಸೇರಿದವರು. ಹೆಸರಿಲ್ಲದ ನಟಿಗೆ ಬೆನ್ನಿಗೊಂದು ಸಂಘವಿಲ್ಲ, ಸಲಹೆಗಾರರಿಲ್ಲ. ಪ್ರಕಟಣೆಯ ಸ್ಪಷ್ಟತೆಯೇ ಆಕೆಗಿರುವ ಮೊದಲ ರಕ್ಷೆ.

ಇನ್ನು ಟೇಪಿನ ವಿಚಾರ. ಇಲ್ಲಿ ನೆನಪಿಡಬೇಕಾದುದು ಒಂದೇ: ನೋಡುವವನಿಗೆ ಕಣ್ಣು ಕಾಣಬೇಕು, ಮಾತು ಕೇಳಬೇಕು. ಉಳಿದ ನಿಯಮಗಳೆಲ್ಲ ಇದರಿಂದ ಹುಟ್ಟಿದವು. ಫೋನನ್ನು ಅಡ್ಡಲಾಗಿ, ಅಲುಗಾಡದಂತೆ, ಕಣ್ಣಿನ ಎತ್ತರಕ್ಕೆ ನಿಲ್ಲಿಸಬೇಕು. ಸ್ಟೂಲಿನ ಮೇಲೆ ಪುಸ್ತಕಗಳನ್ನು ಪೇರಿಸಿದರೂ ನಡೆಯುತ್ತದೆ. ಮೇಜಿನ ಮೇಲೆ ತಗ್ಗಾಗಿ ಇಟ್ಟರೆ ಗದ್ದ ದೊಡ್ಡದಾಗಿ, ಕಣ್ಣು ಮರೆಯಾಗಿ ಕಾಣುತ್ತದೆ. ಫೋನಿನ ಹಿಂಬದಿಯ ಕ್ಯಾಮೆರಾವನ್ನೇ ಬಳಸುವುದು ಮೇಲು. ಅದರ ಚಿತ್ರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ ಎಂಬುದು ಒಂದು ಕಾರಣ. ಮುಂಬದಿಯ ಕ್ಯಾಮೆರಾ ಹಚ್ಚಿದರೆ ನಟಿ ತನ್ನ ಮುಖವನ್ನೇ ನೋಡಿಕೊಳ್ಳತೊಡಗುತ್ತಾಳೆ ಎಂಬುದು ಇನ್ನೂ ದೊಡ್ಡ ಕಾರಣ. ಎದೆಯಿಂದ ನೆತ್ತಿಯವರೆಗೆ ಚೌಕಟ್ಟಿನಲ್ಲಿ ಇದ್ದರೆ ಸಾಕು. ಬೆಳಕು ಎದುರಿನಿಂದ ಬರಲಿ. ಕಿಟಕಿಗೆ ಮುಖಮಾಡಿ ನಿಂತರೆ ಬೇರೆ ದೀಪ ಬೇಕಿಲ್ಲ. ಕಿಟಕಿಗೆ ಬೆನ್ನು ಮಾಡಿದರೆ ಮುಖ ಕರಿಯ ನೆರಳಾಗುತ್ತದೆ. ಹಿಂದೆ ಬರಿಯ ಗೋಡೆ ಇರಲಿ.

ಮಾತಿನ ಶತ್ರುಗಳು ಎರಡು: ತಲೆಯ ಮೇಲೆ ತಿರುಗುವ ಫ್ಯಾನು, ಖಾಲಿ ಕೋಣೆಯ ಮಾರ್ದನಿ. ಮೊದಲನೆಯದನ್ನು ನಿಲ್ಲಿಸಬೇಕು. ಎರಡನೆಯದಕ್ಕೆ ಹಾಸಿಗೆ, ಬಟ್ಟೆ ತುಂಬಿದ ಮಲಗುವ ಕೋಣೆಯೇ ಮದ್ದು. ಹತ್ತು ಕ್ಷಣದ ಪ್ರಯೋಗದ ಟೇಪು ತೆಗೆದು, ಕಣ್ಣು ಮುಚ್ಚಿ ಕೇಳಿದರೆ ದೋಷ ತಾನೇ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದವನು ಎದುರು ಪಾತ್ರದ ಮಾತನ್ನು ಓದಿ ಹೇಳುವವನು. ಆತ ಮನೆಯವನಾಗಿರಲಿ, ನೆರೆಯವನಾಗಿರಲಿ, ಫೋನಿಗೆ ಒತ್ತಿಕೊಂಡಂತೆ ಅದರ ಪಕ್ಕದಲ್ಲಿಯೇ ನಿಲ್ಲಬೇಕು. ಆಗ ನಟಿ ಅವನನ್ನು ನೋಡಿದರೆ ಎರಡು ಕಣ್ಣೂ ನಮಗೆ ಕಾಣುತ್ತವೆ. ಆತ ದೂರ ಸರಿದು ನಿಂತರೆ ಅರ್ಧ ಮುಖವಷ್ಟೇ ಕಾಣುತ್ತದೆ. ಫೋನನ್ನೇ ನೋಡಿ ಮಾತನಾಡಿದರೆ ಜಯಮ್ಮ ಗಂಡನನ್ನು ಬಿಟ್ಟು ಪ್ರೇಕ್ಷಕರಿಗೆ ಸುಳ್ಳು ಹೇಳಿದಂತಾಗುತ್ತದೆ. ಓದುವವನು ಧ್ವನಿ ತಗ್ಗಿಸಿ, ಅಭಿನಯಿಸದೆ, ಆದರೆ ಅರ್ಥವಿಟ್ಟು ಓದಬೇಕು. ಫೋನಿಗೆ ಹತ್ತಿರವಿರುವವನು ಅವನೇ ಆದ್ದರಿಂದ, ಗಟ್ಟಿಯಾಗಿ ಓದಿದರೆ ಟೇಪಿನಲ್ಲಿ ಅವನದೇ ಅಬ್ಬರವಾಗುತ್ತದೆ. ನಮ್ಮ ದೃಶ್ಯದಲ್ಲಿ ಮಗನ ಮಾತನ್ನೂ ಅವನೇ ಓದಲಿ. ಚಿತ್ರ ತೆಗೆಯುವುದು ಮನೆಯ ಒಂದೇ ಫೋನಾದರೆ, ಜಯಮ್ಮನ ಕೈಗೆ ಅದೇ ಗಾತ್ರದ ಒಂದು ಡಬ್ಬಿ ಸಾಕು.

ಟೇಪಿನ ಮೊದಲಿಗೆ ಹೆಸರು, ಊರು, ಎತ್ತರ ಹೇಳಿ, ಒಮ್ಮೆ ನಿಂತ ನಿಲುವು ಪೂರ್ತಿ ಕಾಣಿಸಿ, ಆಮೇಲೆ ದೃಶ್ಯ. ಎಲ್ಲ ಸೇರಿ ಎರಡು ನಿಮಿಷ ಮೀರದಿರಲಿ. ಸಂಗೀತ, ಬಣ್ಣ ತಿದ್ದುವ ಫಿಲ್ಟರು, ವೇಷಭೂಷಣ ಬೇಡ. ಮನೆಯಲ್ಲುಡುವ ಸೀರೆಯೇ ಸಾಕು. ವಾಟ್ಸ್ಯಾಪಿನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಮಸುಕು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲದಂತೆಯೇ ತಲುಪುತ್ತದೆ.

ಬಂದ ಟೇಪುಗಳಲ್ಲಿ ನಿರ್ದೇಶಕನು ನೋಡಬೇಕಾದುದು ಏನು? ನಟಿ ಮಾತನಾಡುವಾಗ ಅಲ್ಲ, ಕೇಳಿಸಿಕೊಳ್ಳುವಾಗ ಆಕೆಯನ್ನು ನೋಡಬೇಕು. "ಒಂದು ಲೀಟರು ಹಾಲು ಜಾಸ್ತಿ ಹೇಳು" ಎಂದಾಗ, ಹೇಳಿದ ಸುಳ್ಳು ಬೆಳೆಯತೊಡಗಿದೆ ಎಂಬುದು ಜಯಮ್ಮನಿಗೆ ಹೊಳೆಯುತ್ತದೆ. ಆ ಹೊಳಹು ಕಣ್ಣಿಗೆ ಬಂದು, ಆಮೇಲೆ "ಹೇಳ್ತೀನಿ" ಎಂಬ ಮಾತು ಬರಬೇಕು. ಪಠ್ಯವನ್ನು ಉರು ಹೊಡೆದವರಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಎದುರಿನವನ ಮಾತು ಮುಗಿಯುವ ಮುಂಚೆಯೇ ತುಟಿ ಅಲುಗುತ್ತದೆ. ಇದನ್ನು ಪತ್ತೆಹಚ್ಚಲು ಟೇಪನ್ನು ಒಮ್ಮೆ ಧ್ವನಿ ಮುಚ್ಚಿ ನೋಡಿದರೆ ಸಾಕು.

ಮೆಚ್ಚಿದ ನಾಲ್ಕಾರು ಮಂದಿಗೆ ಎರಡನೆಯ ಟೇಪು ಕೇಳಬೇಕು, ಒಂದೇ ಒಂದು ಬದಲಾವಣೆಯೊಡನೆ: "ಮಗ ಬರುವುದಿಲ್ಲವೆಂದು ಗಂಡನಿಗೆ ಮೊದಲೇ ಗೊತ್ತು ಎಂಬ ಶಂಕೆ ಈ ಸಲ ನಿಮಗಿದೆ." ಮಾತು ಅವೇ ಆರು. ಆದರೆ ಈಗ "ಹೂಂ" ಎನ್ನುವ ಮುನ್ನ ಆಕೆ ಗಂಡನ ಮುಖ ಓದುತ್ತಾಳೆ. ಬದಲಾವಣೆ ಕಂಡರೆ ಈಕೆ ನಿರ್ದೇಶನವನ್ನು ಸ್ವೀಕರಿಸಬಲ್ಲಳು ಎಂದರ್ಥ. ಮೊದಲ ಟೇಪಿನ ನಕಲೇ ಬಂದರೆ, ಮೊದಲನೆಯದು ಎಷ್ಟು ಚೆನ್ನಾಗಿದ್ದರೂ ಅದು ಒಮ್ಮೆ ಒದಗಿದ ಅದೃಷ್ಟವಿರಬಹುದು. ಚಿತ್ರೀಕರಣದಲ್ಲಿ ಒಂದೇ ಮಾತನ್ನು ಬೇರೆ ಬೇರೆ ಕೋನಗಳಿಂದ ಹಲವು ಸಲ ಆಡಬೇಕಾಗುವುದರಿಂದ ಈ ಪರೀಕ್ಷೆ ಅಗತ್ಯ. ಆಯ್ಕೆಯಾಗದವರಿಗೆ ಒಂದು ಸಾಲಿನಲ್ಲಾದರೂ ತಿಳಿಸಿ, ಅವರ ಟೇಪುಗಳನ್ನು ಅಳಿಸಿಹಾಕಬೇಕು. ಅವು ಯಾರ ವಿನೋದಕ್ಕೂ ಹಂಚುವ ವಸ್ತುವಲ್ಲ.

ಈ ವಿಧಾನಕ್ಕೊಂದು ಮಿತಿಯೂ ಇದೆ. ಪ್ರಕಟಣೆ ಓದುವವರಿಗೆ ಮಾತ್ರ ಅದು ತಲುಪುತ್ತದೆ. 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಗಾಗಿ ಸತ್ಯಜಿತ್ ರಾಯ್ ಅಪುವಿನ ಪಾತ್ರಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅನೇಕ ಹುಡುಗರನ್ನು ನೋಡಿದರು. ಕೊನೆಗೆ ಹುಡುಗ ಸಿಕ್ಕಿದ್ದು ನೆರೆಮನೆಯಲ್ಲಿ, ಅವರ ಪತ್ನಿಯ ಕಣ್ಣಿಗೆ. ನಮ್ಮಲ್ಲಿಯೇ ರಾಮ್ ರೆಡ್ಡಿಯವರು 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರದರ್ಶನಗೊಂಡ 'ತಿಥಿ'ಗೆ ಮಂಡ್ಯ ಸೀಮೆಯ ಹಳ್ಳಿಗರನ್ನೇ ಆರಿಸಿಕೊಂಡರು. ಅಂಥ ಮುದುಕರಿಗೆ ಕೈಯಲ್ಲೊಂದು ಹಾಳೆ ಕೊಟ್ಟು, ಗೋಡೆಯ ಮುಂದೆ ನಿಲ್ಲಿಸಿ ಓದಿರೆಂದರೆ ಅವರಲ್ಲಿದ್ದ ಸೊಗಸೆಲ್ಲ ಮಾಯವಾದೀತು. ಓದು ಬಾರದ, ಕ್ಯಾಮೆರಾ ಕಂಡರೆ ಸೆಟೆಯುವ ಜಯಮ್ಮಂದಿರೂ ಇದ್ದಾರೆ. ಅವರ ಬಳಿಗೆ ಟೇಪು ಬೇಡದೆ ನಿರ್ದೇಶಕನೇ ಹೋಗಬೇಕು. ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಳಿತು, ಮಗ ಹಬ್ಬಕ್ಕೆ ಬರುತ್ತಾನೆಯೇ ಎಂದು ಕೇಳಿ, ಉತ್ತರಕ್ಕಾಗಿ ಕಾಯಬೇಕು.