ಹನ್ನೊಂದರ ಹುಡುಗನಿಗೆ ಆರನೇ ಸೈಜಿನ ಬ್ಯಾಟೇ?

‘ಇಂಗ್ಲಿಷ್ ವಿಲ್ಲೋ ಬ್ಯಾಟ್. ಸೈಜ್ 6. ತೂಕ 1120 ಗ್ರಾಂ. 11ರಿಂದ 13 ವರ್ಷದವರಿಗೆ. ಒಂದೇ ಸೀಸನ್ ಆಡಿದ್ದು, ಕಂಡಿಷನ್ ಸೂಪರ್.’ ಮಕ್ಕಳ ಹಳೆಯ ಬ್ಯಾಟ್ ಮಾರುವವರು ಬರೆಯುವುದು ಹೆಚ್ಚುಕಡಿಮೆ ಹೀಗೆಯೇ. ಮಗನನ್ನು ಈಗಷ್ಟೇ ಬೇಸಿಗೆ ಶಿಬಿರಕ್ಕೆ ಸೇರಿಸಿದ ಅಪ್ಪನ ಕಣ್ಣು ಮೊದಲು ಹೋಗುವುದು ವಯಸ್ಸಿನ ಮೇಲೆ. ಹುಡುಗನಿಗೆ ಹನ್ನೊಂದು ತುಂಬಿದೆ, ಸರಿಹೋಯಿತು ಎಂದುಕೊಳ್ಳುತ್ತಾನೆ. ಆದರೆ ಇಡೀ ವಿವರದಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದು ಆ ವಯಸ್ಸನ್ನೇ.

ಬ್ಯಾಟಿನ ಸೈಜು ನಿಂತಿರುವುದು ಎತ್ತರದ ಮೇಲೆ. ಮಕ್ಕಳ ಬ್ಯಾಟುಗಳು ಒಂದರಿಂದ ಆರರವರೆಗೆ ಬರುತ್ತವೆ, ಆಮೇಲೆ ಹ್ಯಾರೋ, ಅದಾದ ಮೇಲೆ ದೊಡ್ಡವರ ಶಾರ್ಟ್ ಹ್ಯಾಂಡಲ್. ಕಂಪನಿಯಿಂದ ಕಂಪನಿಗೆ ಅಳತೆ ತುಸು ಹೆಚ್ಚುಕಮ್ಮಿ ಇದ್ದರೂ, ಐದನೇ ಸೈಜು ಸುಮಾರು 4 ಅಡಿ 11 ಇಂಚಿನಿಂದ 5 ಅಡಿ 2 ಇಂಚು ಎತ್ತರದವರಿಗೆ, ಆರನೆಯದು ಅದಕ್ಕಿಂತ ಎತ್ತರದವರಿಗೆ ಎಂಬುದು ಸಾಮಾನ್ಯ ಲೆಕ್ಕ. ನಮ್ಮ ಹುಡುಗ 4 ಅಡಿ 10 ಇಂಚು ಇದ್ದಾನೆ ಎನ್ನೋಣ. ಅವನಿಗೆ ನಾಲ್ಕನೇ ಸೈಜು ಸರಿ. ಬೆಳೆಯುವ ಮೈ ಎಂದು ಕೊಂಚ ಮುಂದೆ ನೋಡಿದರೂ ಐದಕ್ಕೆ ನಿಲ್ಲಬೇಕು. ಶೂ ಹಾಕಿಕೊಂಡು ನೇರವಾಗಿ ನಿಂತು ಬ್ಯಾಟನ್ನು ಕಾಲಿನ ಪಕ್ಕ ಊರಿದಾಗ ಹಿಡಿಯ ತುದಿ ತೊಡೆ ಸೊಂಟ ಸೇರುವ ಜಾಗದ ಹತ್ತಿರ ಬಂದರೆ ಉದ್ದ ಹೊಂದಿತು ಎಂದರ್ಥ. ಅದನ್ನು ದಾಟಿದರೆ, ಬಗ್ಗಿ ಆಡುವಾಗ ಹಿಡಿ ಹೊಟ್ಟೆಗೆ ತಾಗುತ್ತದೆ.

‘ಸಚಿನ್ ತೆಂಡೂಲ್ಕರ್ ಚಿಕ್ಕವನಿದ್ದಾಗ ಅಣ್ಣನ ದೊಡ್ಡ ಬ್ಯಾಟಿನಲ್ಲೇ ಆಡಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಆಡಿದ್ದು ನಿಜ. ಆ ಭಾರ ಎತ್ತಲು ಹಿಡಿಯ ಕೆಳತುದಿಯಲ್ಲಿ ಕೈ ಇಡುವ ಅಭ್ಯಾಸವಾಗಿ, ಅದು ಕೊನೆಯವರೆಗೂ ಅವರ ಗುರುತಾಗಿಯೇ ಉಳಿಯಿತು. ಅಂದರೆ ಬ್ಯಾಟು ಆಟಗಾರನ ಕೈಯನ್ನೇ ತಿದ್ದಿತು. ಉಳಿದ ಮಕ್ಕಳಲ್ಲಿ ಆ ತಿದ್ದುವಿಕೆ ತೊಡಕಾಗುವುದೇ ಹೆಚ್ಚು.

ತೂಕ ಹೆಚ್ಚಾದರೆ ಆಗುವುದೇನು? ಬ್ಯಾಟನ್ನು ನೇರವಾಗಿ ಇಳಿಸಬೇಕಾದದ್ದು ಮೇಲಿನ ಕೈ. ಅದಕ್ಕೆ ಬಲ ಸಾಲದಿದ್ದಾಗ ಕೆಳಗಿನ ಕೈ ಕೆಲಸ ವಹಿಸಿಕೊಳ್ಳುತ್ತದೆ. ಬ್ಯಾಟ್ ಅಡ್ಡಡ್ಡ ಬರುತ್ತದೆ, ಡ್ರೈವ್ ಆಡಲು ಹೋದ ಚೆಂಡು ಮಿಡ್‌ವಿಕೆಟ್ ಕಡೆ ಎದ್ದು ಹೋಗುತ್ತದೆ. 1120 ಗ್ರಾಂ ಎಂದರೆ ಎಷ್ಟೋ ದೊಡ್ಡವರು ಹಿಡಿಯುವ ಬ್ಯಾಟಿನ ತೂಕಕ್ಕೆ ಹತ್ತಿರ. ನಮ್ಮ ಹುಡುಗನಿಗೆ ಒಂದು ಕಿಲೋ ಒಳಗೇ ಇರಲಿ. ಮೇಲಿನ ಕೈ ಒಂದರಲ್ಲೇ ಹಿಡಿ ಹಿಡಿದು, ಬ್ಯಾಟನ್ನು ಮುಂದಕ್ಕೆ ನೆಲಕ್ಕೆ ಸಮನಾಗಿ ಚಾಚಿ, ಹತ್ತು ಎಣಿಸುವವರೆಗೆ ನಡುಗದೆ ನಿಲ್ಲಿಸಬಲ್ಲನೇ ನೋಡಬೇಕು. ಮಾರುವವರು ಬರೆದ ತೂಕವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ನಂಬುವುದು ಒಳ್ಳೆಯದು. ಎರಡನೇ ಗ್ರಿಪ್ ಏರಿಸಿದ್ದರೆ ಅದೂ ತೂಕಕ್ಕೆ ಸೇರುತ್ತದೆ.

ಇನ್ನು ‘ಕಂಡಿಷನ್ ಸೂಪರ್’. ಬ್ಯಾಟಿನ ಮುಖದ ನಡುವೆ ಕೆಂಪು ಗುರುತುಗಳು, ಕೂದಲೆಳೆಯಂಥ ಸಣ್ಣ ಬಿರುಕುಗಳು ಇದ್ದರೆ ಹೆದರಬೇಕಿಲ್ಲ. ವಿಲ್ಲೋ ಮೃದು ಮರ, ಲೆದರ್ ಬಾಲ್ ತಿಂದರೆ ಅಷ್ಟು ಆಗಿಯೇ ಆಗುತ್ತದೆ. ಅನುಮಾನ ಪಡಬೇಕಾದದ್ದು ಹಳೆಯ ಬ್ಯಾಟಿನ ಮುಖಕ್ಕೆ ಅಂಟಿಸಿದ ಹೊಚ್ಚಹೊಸ ಶೀಟಿನ ಬಗ್ಗೆ. ಅದರ ಅಡಿಯಲ್ಲಿ ಮರ ಪದರಪದರವಾಗಿ ಎದ್ದಿರಬಹುದು. ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿದರೆ ಎದ್ದ ಜಾಗ ಒಳಕ್ಕೆ ಕುಸಿಯುತ್ತದೆ. ಹಳೆಯ ಲೆದರ್ ಬಾಲಿನಿಂದ ಮೆಲ್ಲಗೆ ತಟ್ಟಿದರೆ, ಗಟ್ಟಿ ಜಾಗ ಟಣ್ಣನೆ ಪುಟಿಸುತ್ತದೆ, ಸತ್ತ ಜಾಗ ಬರೀ ದಬ್ಬೆನ್ನುತ್ತದೆ.

ಹಿಡಿ ಬ್ಯಾಟಿನೊಳಗೆ ಇಂಗ್ಲಿಷ್ ‘ವಿ’ ಆಕಾರದಲ್ಲಿ ಕೂತು ಅಂಟಿಕೊಂಡಿರುತ್ತದೆ. ಬ್ಯಾಟಿನ ಭುಜ ಹಿಡಿದು ಹಿಡಿಯನ್ನು ತುಸು ಬಾಗಿಸಿದಾಗ ಕಿರುಗುಟ್ಟಿದರೆ ಅಂಟು ಬಿಟ್ಟಿದೆ, ಇಲ್ಲವೇ ಒಳಗಿನ ಬೆತ್ತ ಸೀಳಿದೆ. ಗ್ರಿಪ್ ಮುಚ್ಚಿರುವುದರಿಂದ ಫೋಟೊದಲ್ಲಿ ಇದು ಕಾಣುವುದೇ ಇಲ್ಲ.

ಫೋಟೊದಲ್ಲಿ ಕೇಳಿ ನೋಡಲೇಬೇಕಾದದ್ದು ತಳ. ಒದ್ದೆ ಹುಲ್ಲಿನ ಮೇಲೆ, ನೀರು ಹಾಯಿಸಿದ ಪಿಚ್ಚಿನ ಮೇಲೆ ಬ್ಯಾಟ್ ಊರಿ ನಿಂತಾಗ ಅಲ್ಲಿಂದಲೇ ತೇವ ಏರುತ್ತದೆ. ಮರ ಊದಿಕೊಳ್ಳುತ್ತದೆ, ಒಣಗಿದ ಮೇಲೆ ಸೀಳುತ್ತದೆ. ತಳದ ರಬ್ಬರ್ ಅಂಚು ಬಿಟ್ಟಿದ್ದು, ಮೇಲಿನ ಮರ ಉಬ್ಬಿ ಕಪ್ಪಾಗಿದ್ದರೆ ಅದೇ ಗುರುತು. ಅಂಚಿನ ಸಣ್ಣ ಸೀಳಿಗೆ ಅಂಟು ತುಂಬಿ ಟೇಪ್ ಸುತ್ತಿದರೆ ಇನ್ನೊಂದು ಸೀಸನ್ ನಡೆದೀತು. ಹಿಡಿ ಮುರಿದರೂ ಬ್ಯಾಟ್ ರಿಪೇರಿ ಬಲ್ಲವರು ಹೊಸದನ್ನು ಕೂರಿಸಿಕೊಡುತ್ತಾರೆ. ಹಿಂಬದಿಯವರೆಗೂ ದಾಟಿದ ಅಡ್ಡಬಿರುಕು, ಮೇಲಕ್ಕೆ ಓಡಿದ ತಳದ ಸೀಳು ಕಂಡರೆ ಮಾತ್ರ, ಬೆಲೆ ಎಷ್ಟೇ ಇಳಿಸಿದರೂ ಆ ಬ್ಯಾಟ್ ಬೇಡ.